ಕೃತಕ ಕಣ್ಣು: ದಿನಾ ತೆಗೆಯಬೇಡಿ, ಒಣಗಲು ಬಿಡಬೇಡಿ

ನಮ್ಮ ಹೊಲ ಇರುವುದು ಸಿಂದಗಿ ಕಡೆ. ಕೆಲವು ವರ್ಷಗಳ ಹಿಂದೆ ಬಿಳಿಜೋಳದ ರಾಶಿ ಮಾಡುವಾಗ ಒಣಗಿದ ರವದಿಯ ಚೂರೊಂದು ನನ್ನ ಎಡಗಣ್ಣಿಗೆ ಬಡಿಯಿತು. ನೀರು ಹಾಕಿ ತೊಳೆದುಕೊಂಡು ಮತ್ತೆ ಕೆಲಸಕ್ಕೆ ನಿಂತೆ. ಎಂಟು ದಿನಕ್ಕೆ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣಾಯಿತು. ಶಿಲೀಂಧ್ರದ ಸೋಂಕು ಅಂದರು. ಎರಡು ತಿಂಗಳು ಹನಿ ಹಾಕಿದ ಮೇಲೆ ಹುಣ್ಣು ಮಾಯಿತು, ಆದರೆ ನೋಟ ಹೋಯಿತು. ಆಮೇಲೆ ಆ ಕುರುಡು ಕಣ್ಣಿನೊಳಗೆ ಒತ್ತಡ ಏರತೊಡಗಿತು. ಹುಬ್ಬಿನ ಮೇಲೆ ಮೊಳೆ ಹೊಡೆದಂಥ ನೋವು, ರಾತ್ರಿ ನಿದ್ದೆ ಇಲ್ಲ, ಒಮ್ಮೊಮ್ಮೆ ವಾಂತಿ. ಹನ್ನೊಂದು ತಿಂಗಳು ಹಾಗೇ ತಳ್ಳಿದೆ. ಕೊನೆಗೆ ಕಣ್ಣು ತೆಗೆಸಿದೆ. ಆ ನೋವು ವಾರದೊಳಗೆ ಹೋಯಿತು.

ತೆಗೆಸಿದ ಮೇಲೆ ಕೃತಕ ಕಣ್ಣಿನ ಜೊತೆ ಬದುಕುವುದನ್ನು ಯಾರೂ ಪೂರ್ತಿಯಾಗಿ ಹೇಳಿಕೊಡಲಿಲ್ಲ. ಒಂದು ಚೀಟಿಯಲ್ಲಿ "ಸ್ವಚ್ಛವಾಗಿಡಿ" ಎಂದು ಬರೆದಿದ್ದರು. ಆ ಒಂದು ಮಾತನ್ನು ನಾನು ಅತಿಯಾಗಿ ಪಾಲಿಸಿದ್ದರಿಂದಲೇ ಎರಡನೇ ವರ್ಷ ತೊಂದರೆಗೆ ಸಿಕ್ಕಿಕೊಂಡೆ. ನಮ್ಮ ಕಡೆಯ ಧೂಳು, ಬಿಸಿಲು, ಗಡಸು ನೀರಿನ ನಡುವೆ ಈ ಕಣ್ಣು ಹಾಕಿಕೊಂಡು ಓಡಾಡುವವರಿಗೆ ಬೇಕಾದದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಒಳಗೆ ಏನಿದೆ ಎಂದು ಮೊದಲು ತಿಳಿದುಕೊಳ್ಳಿ

ಕಣ್ಣು ತೆಗೆದರೆ ಅಲ್ಲೊಂದು ತೂತು ಉಳಿಯುತ್ತದೆ, ಅದು ಮಿದುಳಿನವರೆಗೂ ಹೋಗುತ್ತದೆ ಎಂದು ಊರಲ್ಲಿ ಹೇಳುವವರಿದ್ದಾರೆ. ನಾನೂ ಹಾಗೇ ಹೆದರಿದ್ದೆ. ಹಾಗೇನೂ ಇಲ್ಲ. ನನಗೆ ಮಾಡಿದ ಆಪರೇಷನ್ನಿನಲ್ಲಿ ಕಣ್ಣಿನ ಹೊರಗಿನ ಬಿಳಿ ಗೋಡೆಯನ್ನು ಉಳಿಸಿಕೊಂಡು ಒಳಗಿನದನ್ನೆಲ್ಲ ತೆಗೆದರು. ಇನ್ನು ಕೆಲವರಿಗೆ ಇಡೀ ಗುಡ್ಡೆಯನ್ನೇ ತೆಗೆಯುತ್ತಾರೆ. ಒಳಗೆ ಗಡ್ಡೆ ಇರಬಹುದೆಂಬ ಅನುಮಾನವಿದ್ದರೆ ಪೂರ್ತಿ ತೆಗೆಯುವುದೇ ದಾರಿ. ಅದಕ್ಕಾಗಿಯೇ ಮೊದಲು ಕಣ್ಣಿನ ಸ್ಕ್ಯಾನ್ ಮಾಡುತ್ತಾರೆ.

ಎರಡರಲ್ಲೂ ಖಾಲಿಯಾದ ಜಾಗಕ್ಕೆ ಒಂದು ಗುಂಡು ಕೂಡಿಸಿ, ಮೇಲೆ ಹೊಲಿಗೆ ಹಾಕಿ ಮುಚ್ಚುತ್ತಾರೆ. ದೊಡ್ಡವರ ಕಣ್ಣಿನ ಅಡ್ಡಗಲ ಸುಮಾರು 24 ಮಿಲಿಮೀಟರ್. ನನಗೆ ಹಾಕಿದ ಗುಂಡು 20 ಮಿಲಿಮೀಟರಿನದು. ಉಳಿದ ಜಾಗವನ್ನು ತುಂಬುವುದೇ ಹೊರಗಿನಿಂದ ಹಾಕುವ ಕೃತಕ ಕಣ್ಣು. ಗುಂಡು ಒಳಗೇ ಇರುತ್ತದೆ, ಅದನ್ನು ನಾವು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ನಾವು ತೆಗೆದು ಹಾಕುವುದು ಮೇಲಿನ ತೆಳ್ಳನೆಯ ಚಿಪ್ಪನ್ನು ಮಾತ್ರ. ಜನ ಇದನ್ನು ಗಾಜಿನ ಕಣ್ಣು ಅಂತಾರೆ, ಆದರೆ ಈಗಿನದು ಗಟ್ಟಿ ಅಕ್ರಿಲಿಕ್ ಪ್ಲಾಸ್ಟಿಕ್. ಹಲ್ಲಿನ ಸೆಟ್ಟಿನ ಜಾತಿಯದೇ ವಸ್ತು.

ಚಿಪ್ಪು ತೆಗೆದಾಗ ಕಾಣುವುದು ತಿಳಿಗುಲಾಬಿ ಬಣ್ಣದ ಒದ್ದೆ ಚರ್ಮ. ನಿಮ್ಮ ಕೆಳರೆಪ್ಪೆಯನ್ನು ಕೆಳಗೆಳೆದು ಕನ್ನಡಿಯಲ್ಲಿ ನೋಡಿಕೊಳ್ಳಿ, ಅದೇ ಚರ್ಮ. ಹಿಂದಿನ ಸ್ನಾಯುಗಳು ಗುಂಡನ್ನು ಅಲ್ಲಾಡಿಸುತ್ತವೆ. ಗುಂಡು ಅಲ್ಲಾಡಿದರೆ ಮೇಲಿನ ಚರ್ಮ, ಚರ್ಮದ ಜೊತೆ ಚಿಪ್ಪು ಅಲ್ಲಾಡುತ್ತದೆ. ಒಳ್ಳೆಯ ಕಣ್ಣಿನಷ್ಟು ತಿರುಗುವುದಿಲ್ಲ, ಆದರೆ ಎದುರು ಕೂತು ಮಾತಾಡುವವರಿಗೆ ಸಾಕಾಗುವಷ್ಟು ತಿರುಗುತ್ತದೆ. ಕಣ್ಣೀರಿನ ಗ್ರಂಥಿಯೂ ಹಾಗೇ ಉಳಿದಿರುತ್ತದೆ. ಅತ್ತರೆ ಎರಡೂ ಕಣ್ಣಲ್ಲಿ ನೀರು ಬರುತ್ತದೆ.

ಮೊದಲ ಆರೆಂಟು ವಾರ

ಆಪರೇಷನ್ ಮುಗಿದಾಗಲೇ ರೆಪ್ಪೆಯ ಹಿಂದೆ ತೂತುಗಳಿರುವ ಒಂದು ಪಾರದರ್ಶಕ ಚಿಪ್ಪು ಹಾಕಿರುತ್ತಾರೆ. ಅದಕ್ಕೆ ಕನ್ಫಾರ್ಮರ್ ಅಂತಾರೆ. ಅದರ ಕೆಲಸ ಒಂದೇ: ರೆಪ್ಪೆಯ ಹಿಂದಿನ ಸಂದುಗಳು ಕೂಡಿಕೊಂಡು ಗೂಡು ಚಿಕ್ಕದಾಗದಂತೆ ನೋಡಿಕೊಳ್ಳುವುದು. ಬಾವು ಇಳಿದು, ಚರ್ಮ ಮಾಯುವ ತನಕ, ಅಂದರೆ ಸುಮಾರು ಆರರಿಂದ ಎಂಟು ವಾರ, ಅದು ಅಲ್ಲೇ ಇರಬೇಕು.

ನನ್ನದು ಹನ್ನೆರಡನೇ ದಿನ ಸೀನಿದಾಗ ಹೊರಗೆ ಜಾರಿ ಬಿತ್ತು. ಹಾಗಾದರೆ ಗಾಬರಿಯಾಗಬೇಡಿ, ಆದರೆ "ನಾಳೆ ನೋಡೋಣ" ಎಂದು ಮೇಜಿನ ಮೇಲೆ ಇಟ್ಟು ಮಲಗಬೇಡಿ. ಕೈ ತೊಳೆದು, ಚಿಪ್ಪನ್ನು ಸೋಪು ನೀರಿನಲ್ಲಿ ತೊಳೆದು, ಆರಿಸಿದ ಕುದಿನೀರಿನಲ್ಲಿ ಅದ್ದಿ, ಮೇಲಿನ ರೆಪ್ಪೆಯ ಒಳಗೆ ಜಾರಿಸಿ, ಆಮೇಲೆ ಕೆಳರೆಪ್ಪೆ ಎಳೆದು ಕೂಡಿಸಬೇಕು. ಆಗಲಿಲ್ಲವೆಂದರೆ ಬಲವಂತ ಮಾಡದೆ, ಚಿಪ್ಪನ್ನು ತೊಳೆದ ಡಬ್ಬಿಯಲ್ಲಿ ಹಾಕಿಕೊಂಡು ಆಪರೇಷನ್ ಮಾಡಿದವರ ಹತ್ತಿರ ಅವತ್ತೇ ಅಥವಾ ಮರುದಿನವೇ ಹೋಗಿ. ತಡವಾದಷ್ಟೂ ಗೂಡು ಮುದುಡುತ್ತದೆ. ಮುದುಡಿದ ಗೂಡಿನಲ್ಲಿ ಯಾವ ಕಣ್ಣೂ ನಿಲ್ಲುವುದಿಲ್ಲ.

ಈ ದಿನಗಳಲ್ಲಿ ರೆಪ್ಪೆ ನೀಲಿಗಟ್ಟುವುದು, ಗುಲಾಬಿ ಬಣ್ಣದ ನೀರು ಸ್ವಲ್ಪ ಬರುವುದು ಸಾಮಾನ್ಯ. ಮತ್ತೊಂದು ಅನುಭವವನ್ನೂ ಹೇಳುತ್ತೇನೆ, ಬಹಳ ಜನ ಬಾಯಿಬಿಡುವುದಿಲ್ಲ. ಇಲ್ಲದ ಕಣ್ಣಿನಲ್ಲಿ ಬೆಳಕು ಮಿಂಚಿದಂತೆ, ಬಣ್ಣಗಳು ಓಡಿದಂತೆ ಆಗಬಹುದು. ಕೆಲವರಿಗೆ ಇಲ್ಲದ ಕಣ್ಣೇ ನೋಯುತ್ತದೆ. ಕಾಲು ಕತ್ತರಿಸಿದವರಿಗೆ ಇಲ್ಲದ ಕಾಲು ತುರಿಸಿದಂತೆ ಇದೂ. ತಲೆ ಕೆಟ್ಟಿತೆಂದು ತಿಳಿಯಬೇಡಿ. ನೋವು ಜಾಸ್ತಿಯಿದ್ದರೆ ವೈದ್ಯರಿಗೆ ಹೇಳಿ, ನರದ ನೋವಿಗೆ ಬೇರೆ ಮಾತ್ರೆಗಳಿವೆ.

ಸಿದ್ಧ ಕಣ್ಣೋ, ಅಳತೆಯ ಕಣ್ಣೋ

ಡಬ್ಬಿಯಲ್ಲಿ ಸಾಲಾಗಿ ಇಟ್ಟಿರುವ ಸಿದ್ಧ ಕಣ್ಣುಗಳಲ್ಲಿ ಹೊಂದುವುದೊಂದನ್ನು ಆರಿಸಿ ಕೊಡುವುದು ಒಂದು ಬಗೆ. ನಿಮ್ಮ ಗೂಡಿನ ಅಚ್ಚು ತೆಗೆದು ಮಾಡುವುದು ಇನ್ನೊಂದು ಬಗೆ. ಸಿದ್ಧ ಕಣ್ಣು ಅಗ್ಗ, ಅವತ್ತೇ ಸಿಗುತ್ತದೆ. ಆದರೆ ಹಿಂಭಾಗದಲ್ಲಿ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಕಣ್ಣೀರು, ಲೋಳೆ ನಿಲ್ಲುತ್ತವೆ. ನಿಂತ ನೀರಿನಿಂದ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಾಗಿಲ್ಲ.

ಅಳತೆಯ ಕಣ್ಣಿಗೆ ಮೊದಲು ಹಲ್ಲಿನ ಅಚ್ಚಿಗೆ ಬಳಸುವಂಥ ಮೆತ್ತನೆಯ ಪುಡಿಯನ್ನು ನೀರಲ್ಲಿ ಕಲಸಿ ಗೂಡಿಗೆ ತುಂಬುತ್ತಾರೆ. ನೋವಿಲ್ಲ, ತಣ್ಣಗೆ ಇರುತ್ತದೆ. ಅದು ಗಟ್ಟಿಯಾದ ಮೇಲೆ ತೆಗೆದು, ಮೇಣದಲ್ಲಿ ಆಕಾರ ಮಾಡಿ, ನಿಮ್ಮ ಕಣ್ಣಿಗೆ ಹಾಕಿ, ರೆಪ್ಪೆ ಎಷ್ಟು ತೆರೆಯುತ್ತದೆ ಎಂದು ನೋಡುತ್ತಾರೆ. ಆಮೇಲೆ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದು, ಇನ್ನೊಂದು ಕಣ್ಣನ್ನು ನೋಡುತ್ತಾ ಕೈಯಿಂದ ಬಣ್ಣ ಹಾಕುತ್ತಾರೆ. ಬಿಳಿ ಭಾಗದ ಕೆಂಪು ನರಗಳಿಗೆ ಕೆಂಪು ದಾರದ ಎಳೆ ಅಂಟಿಸುತ್ತಾರೆ. ಈ ಕೆಲಸ ಮಾಡುವವರನ್ನು ಆಕ್ಯುಲರಿಸ್ಟ್ ಅನ್ನುತ್ತಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇದಕ್ಕೇ ವಿಭಾಗವಿದೆ. ದುಡ್ಡು ಕೂಡಿದಾಗ ಮಾಡಿಸೋಣ ಎಂದು ಮೊದಲು ಸಿದ್ಧ ಕಣ್ಣು ಹಾಕಿಸಿಕೊಂಡರೂ ತಪ್ಪಿಲ್ಲ, ಗೂಡು ಖಾಲಿ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಕಣ್ಣು ತೆಗೆದುಕೊಂಡು ಬರುವ ದಿನ ಅವರ ಮುಂದೆಯೇ ಮೂರು ಸಲ ತೆಗೆದು ಹಾಕಿ ಕಲಿಯಿರಿ. ಚಿಪ್ಪಿನ ಯಾವ ತುದಿ ಮೂಗಿನ ಕಡೆ, ಯಾವುದು ಮೇಲೆ ಎಂದು ಕೇಳಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಮನೆಗೆ ಬಂದ ಮೇಲೆ ತಲೆಕೆಳಗಾಗಿ ಹಾಕಿಕೊಂಡು "ಕಣ್ಣು ಓರೆಯಾಯಿತು" ಎಂದು ಹೆದರುವವರು ಬಹಳ.

ತೆಗೆಯುವುದು, ತೊಳೆಯುವುದು, ಹಾಕುವುದು

ಉಗುರು ಕತ್ತರಿಸಿ, ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಸಿಂಕಿನ ಮುಂದೆ ನಿಲ್ಲಬೇಡಿ, ಜಾರಿ ಬಿದ್ದರೆ ಬಣ್ಣ ಒಡೆದು ಹೋಗುತ್ತದೆ ಅಥವಾ ಕೊಳವೆಯೊಳಗೆ ಹೋಗುತ್ತದೆ. ಮೇಜಿನ ಮೇಲೆ, ಇಲ್ಲವೇ ಚಾಪೆಯ ಮೇಲೆ, ದಪ್ಪ ಟವಲ್ ಮಡಚಿ ಹಾಸಿಕೊಂಡು ಕೂತುಕೊಳ್ಳಿ.

ತೆಗೆಯುವಾಗ ಒಳ್ಳೆಯ ಕಣ್ಣಿನಿಂದ ಮೇಲೆ ನೋಡಿ. ಆಗ ಗೂಡಿನ ಚಿಪ್ಪೂ ಮೇಲಕ್ಕೆ ತಿರುಗಿ, ಅದರ ಕೆಳಗಿನ ಅಂಚು ಬಿಡುವಾಗುತ್ತದೆ. ತೋರುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು, ಮೆಲ್ಲಗೆ ಒಳಕ್ಕೆ ಒತ್ತಿ. ಅಂಚು ರೆಪ್ಪೆಯ ಮೇಲೆ ಬರುತ್ತದೆ. ಇನ್ನೊಂದು ಅಂಗೈ ಕೆಳಗೆ ಹಿಡಿದಿರಿ, ಜಾರಿ ಬಂದು ಬೀಳುತ್ತದೆ. ಬೆರಳಿಗೆ ಸಿಗದವರಿಗೆ ಚಿಕ್ಕ ರಬ್ಬರ್ ಕಪ್ಪು ಸಿಗುತ್ತದೆ. ಅದನ್ನು ಒದ್ದೆ ಮಾಡಿ, ಹಿಚುಕಿ, ಕಣ್ಣಿನ ಕರಿಭಾಗದ ಮೇಲೆ ಇಟ್ಟು ಬಿಟ್ಟರೆ ಹಿಡಿದುಕೊಳ್ಳುತ್ತದೆ. ಆಮೇಲೆ ಕೆಳಗಿನ ಅಂಚನ್ನು ಮೊದಲು ಹೊರಗೆ ತನ್ನಿ. ಸೀದಾ ಮುಂದಕ್ಕೆ ಎಳೆಯಬೇಡಿ.

ತೊಳೆಯುವುದಕ್ಕೆ ಉಗುರುಬೆಚ್ಚನೆಯ ನೀರು, ವಾಸನೆಯಿಲ್ಲದ ಮೆದು ಸೋಪು ಸಾಕು. ಬೆರಳುಗಳ ನಡುವೆ ಉಜ್ಜಿ, ಜಾರುವುದು ಪೂರ್ತಿ ಹೋಗುವ ತನಕ ತೊಳೆಯಿರಿ. ನಮ್ಮ ಬೋರ್ ನೀರು ಬಹಳ ಗಡಸು. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಉಪ್ಪು ಚಿಪ್ಪಿಗೂ ಕಟ್ಟುತ್ತದೆ. ಅದಕ್ಕೆ ಕೊನೆಯ ಸಲ ಕುಡಿಯುವ ಫಿಲ್ಟರ್ ನೀರಿನಲ್ಲಿ ಅದ್ದಿ. ಸ್ಪಿರಿಟ್, ಡೆಟಾಲ್, ಹಲ್ಲುಜ್ಜುವ ಪೇಸ್ಟ್, ಬ್ರಷ್ ಯಾವುದೂ ಬೇಡ. ಕುದಿಯುವ ನೀರಲ್ಲಿ ಹಾಕಿದರೆ ಆಕಾರ ಕೆಡುತ್ತದೆ, ಸ್ಪಿರಿಟ್ಟಿನಿಂದ ಅಕ್ರಿಲಿಕ್ಕಿನಲ್ಲಿ ಸಣ್ಣ ಬಿರುಕು ಬಿಡುತ್ತದೆ. ಒಣ ಟವಲಿನಿಂದ ಒರೆಸುವುದೂ ಬೇಡ. ಧೂಳಿನ ಒಂದು ಕಣ ಟವಲಿನಲ್ಲಿದ್ದರೆ ಗೀರು ಬಿದ್ದಂತೆಯೇ.

ಹಾಕುವಾಗ ಚಿಪ್ಪು ಒದ್ದೆಯಾಗಿರಲಿ. ಕೆಳಗೆ ನೋಡುತ್ತಾ, ಒಂದು ಕೈಯಿಂದ ಮೇಲಿನ ರೆಪ್ಪೆ ಎತ್ತಿ, ಚಿಪ್ಪಿನ ಮೇಲಿನ ಅಂಚನ್ನು ರೆಪ್ಪೆಯ ಹಿಂದೆ ಮೇಲಕ್ಕೆ ಜಾರಿಸಿ. ಅಲ್ಲೇ ಬೆರಳಿನಿಂದ ತಡೆದು ಹಿಡಿದು, ಮೇಲಿನ ರೆಪ್ಪೆ ಬಿಡಿ. ಈಗ ಕೆಳರೆಪ್ಪೆ ಎಳೆದರೆ ಕೆಳಗಿನ ಅಂಚು ತಾನೇ ಒಳಗೆ ಕೂಡುತ್ತದೆ. ಎರಡು ಮೂರು ಸಲ ಕಣ್ಣು ಮಿಟುಕಿಸಿ.

ಈಗ ಮುಖ್ಯ ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ?

ನಾನು ಮಾಡಿದ ತಪ್ಪು

ಮೊದಲ ವರ್ಷ ನಾನು ದಿನಾ ರಾತ್ರಿ ಕಣ್ಣು ತೆಗೆಯುತ್ತಿದ್ದೆ. ಹಲ್ಲಿನ ಸೆಟ್ಟು ತೆಗೆದು ನೀರಲ್ಲಿಡುವ ಹಾಗೆ ಲೋಟದಲ್ಲಿ ಇಡುತ್ತಿದ್ದೆ. ಬೆಳಿಗ್ಗೆ ಸೋಪು ಹಚ್ಚಿ ತೊಳೆದು, ಟವಲಿನಿಂದ ಒರೆಸಿ, ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದೆ. ಇದೇ ಸ್ವಚ್ಛತೆ ಎಂದು ನಂಬಿದ್ದೆ.

ಎರಡನೇ ಬೇಸಿಗೆ, ಏಪ್ರಿಲ್ ತಿಂಗಳು. ವಿಜಯಪುರದ ಬಿಸಿಲು 40 ಡಿಗ್ರಿ ದಾಟಿತ್ತು. ಕಣ್ಣಲ್ಲಿ ಪಿಸರು ಜಾಸ್ತಿಯಾಯಿತು. ಕೆಲವರು ಗೀಜು ಅನ್ನುತ್ತಾರಲ್ಲ, ಅದೇ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿರುತ್ತಿತ್ತು. ಹಗಲು ನೂಲಿನಂಥ ಬಿಳಿ ಎಳೆ ಮೂಗಿನ ಕಡೆ ಬಂದು ನಿಲ್ಲುತ್ತಿತ್ತು. ತುರಿಕೆ. ಮೇಲಿನ ರೆಪ್ಪೆ ಭಾರ. ಪಿಸರು ಜಾಸ್ತಿ ಬಂದಷ್ಟೂ ನಾನು ಜಾಸ್ತಿ ತೊಳೆದೆ, ದಿನಕ್ಕೆ ಎರಡು ಸಲ. ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಹನಿ ತಂದು ಹಾಕಿದೆ. ಎರಡು ದಿನ ಕಡಿಮೆಯಾಗಿ ಮತ್ತೆ ಅದೇ. ಹೀಗೆ ಮೂರು ಬಾಟಲಿ ಮುಗಿದವು.

ಕೊನೆಗೆ ಕಣ್ಣಿನ ವೈದ್ಯರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು ಔಷಧಿಯ ಬಗ್ಗೆ ಅಲ್ಲ.

"ದಿನಾ ತೆಗೀತೀರೇನ್ರಿ?"

"ಹೌದ್ರಿ ಮೇಡಂ, ದಿನಾ ತೊಳೀತೀನ್ರಿ."

"ಅದನ್ನ ಮೊದಲ ಬಿಡ್ರಿ."

ಆಮೇಲೆ ಅವರು ಚಿಪ್ಪನ್ನು ತೆಗೆದು, ತೇವ ಆರಿಸಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು. ಒದ್ದೆ ಇದ್ದಾಗ ಹೊಳೆಯುತ್ತಿದ್ದ ಚಿಪ್ಪು ಒಣಗಿದ ಕೂಡಲೇ ನಿಜ ಹೇಳಿತು. ಎರಡು ರೆಪ್ಪೆಗಳ ನಡುವೆ ಗಾಳಿಗೆ ತೆರೆದಿರುವ ಪಟ್ಟಿಯಲ್ಲಿ ಮಬ್ಬಾದ ಬಿಳಿ ಪದರ, ಅದರ ಸುತ್ತ ಸಣ್ಣ ಸಣ್ಣ ಗೀರುಗಳು. ರೆಪ್ಪೆಯ ಅಡಿಯಲ್ಲಿ ಇರುವ ಭಾಗ ಮಾತ್ರ ಚೊಕ್ಕವಾಗಿತ್ತು. ನನ್ನ ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರು. ಒಳಗೆ ಸಣ್ಣ ಉರುಟು ಗುಳ್ಳೆಗಳೆದ್ದಿದ್ದವು. ಚಿಪ್ಪಿನ ಒರಟು ಮೇಲ್ಮೈ ಮತ್ತು ಅದಕ್ಕೆ ಅಂಟಿದ ಪದರಕ್ಕೆ ರೆಪ್ಪೆ ಸಿಟ್ಟಾದ ಗುರುತು ಅದು. ಸೋಂಕು ಇರಲಿಲ್ಲ, ಅದಕ್ಕೇ ಆಂಟಿಬಯಾಟಿಕ್ಕಿಗೆ ಬಗ್ಗಲಿಲ್ಲ.

ಅವರು ಹೇಳಿದ ಕಾರಣ ಹೀಗಿದೆ. ಕಣ್ಣೀರಿನಲ್ಲಿ ಪ್ರೋಟೀನ್ ಇರುತ್ತದೆ. ಹೊಸದಾಗಿ ತೊಳೆದ ಚಿಪ್ಪಿನ ಮೇಲೆ ಅದು ಮೆಲ್ಲಗೆ ಪದರ ಕಟ್ಟುತ್ತದೆ. ರೆಪ್ಪೆಯ ಅಡಿಯಲ್ಲಿ, ಸದಾ ಒದ್ದೆಯಿರುವ ಕಡೆ, ಆ ಪದರ ನುಣುಪಾಗಿ ಎಣ್ಣೆಯಂತೆ ಕೆಲಸ ಮಾಡುತ್ತದೆ, ಗೂಡಿನ ಚರ್ಮ ಅದಕ್ಕೆ ಒಗ್ಗಿಕೊಳ್ಳುತ್ತದೆ. ದಿನಾ ತೊಳೆದರೆ ಒಗ್ಗುವುದಕ್ಕೆ ಬಿಡುವೇ ಸಿಗುವುದಿಲ್ಲ. ಮೇಲಿಂದ ಬೆರಳಿನ ಕೊಳೆ, ಸೋಪಿನ ಉಳಿಕೆ, ಟವಲಿನ ಗೀರು ಸೇರುತ್ತವೆ. ಗಾಳಿಗೆ ತೆರೆದ ಪಟ್ಟಿಯಲ್ಲಿ ಮಾತ್ರ ಪದರ ಒಣಗಿ ಗಟ್ಟಿಯಾಗುತ್ತದೆ. ಗೀರು ಬಿದ್ದ ಚಿಪ್ಪಿಗೆ ಇನ್ನೂ ಬೇಗ ಅಂಟುತ್ತದೆ. ದಿನಕ್ಕೆ ಸಾವಿರಾರು ಸಲ ರೆಪ್ಪೆ ಅದರ ಮೇಲೆ ಉಜ್ಜುತ್ತದೆ. ಆಗ ಗೂಡು ತನ್ನನ್ನು ಕಾಪಾಡಿಕೊಳ್ಳಲು ಲೋಳೆ ಸುರಿಸುತ್ತದೆ. ನಾವು ಅದನ್ನು ಕೊಳೆ ಎಂದು ತಿಳಿದು ಮತ್ತೆ ತೊಳೆಯುತ್ತೇವೆ.

ಚಿಪ್ಪನ್ನು ಪಾಲಿಶ್ ಮಾಡಿಸಲು ಕಳಿಸಿದರು. ಯಂತ್ರದ ಮೇಲೆ ಮೆತ್ತನೆಯ ಬಟ್ಟೆಯ ಚಕ್ರದಿಂದ ಉಜ್ಜಿದರು, ಒಂದು ಗಂಟೆಯೊಳಗೆ ಕೈಗೆ ಬಂತು. ರೆಪ್ಪೆಯ ಗುಳ್ಳೆಗೆ ಕೆಲವು ವಾರ ಹಾಕಲು ಹನಿ ಕೊಟ್ಟರು. ಅದನ್ನು ವೈದ್ಯರೇ ನೋಡಿ ಕೊಡಬೇಕು, ಹೆಸರು ಬರೆದರೆ ನೀವು ಅಂಗಡಿಗೆ ಹೋಗುತ್ತೀರಿ, ಅದಕ್ಕೆ ಬರೆಯುವುದಿಲ್ಲ. ಜೊತೆಗೆ ಕೃತಕ ಕಣ್ಣೀರಿನ ಹನಿ ದಿನಕ್ಕೆ ನಾಲ್ಕು ಸಲ. ಕಣ್ಣು ತೆಗೆಯುವುದು ತಿಂಗಳಿಗೆ ಒಮ್ಮೆ ಮಾತ್ರ, ರಾತ್ರಿಯೂ ಹಾಕಿಕೊಂಡೇ ಮಲಗಬೇಕು.

ಮೊದಲ ವಾರ ಕೈ ತಡೆಯಲಾಗಲಿಲ್ಲ. ಕನ್ನಡಿಯ ಮುಂದೆ ನಿಂತರೆ ಸಾಕು, ಬೆರಳು ಕೆಳರೆಪ್ಪೆಗೆ ಹೋಗುತ್ತಿತ್ತು. "ರೀ, ಮತ್ತ ಕೈ ಹಚ್ಚಿದ್ರಿ ನೋಡ್ರಿ" ಎಂದು ಮನೆಯವಳು ಒಳಗಿನಿಂದಲೇ ಕೂಗುತ್ತಿದ್ದಳು. ಅವಳೇ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಸಲ ಒರೆಸಿಕೊಂಡೆ ಎಂದು ಗೆರೆ ಹಾಕುತ್ತಾ ಹೋದಳು. ಶುರುವಿನಲ್ಲಿ ಇಪ್ಪತ್ತು ದಾಟಿತ್ತು. ಹತ್ತನೇ ದಿನಕ್ಕೆ ಹನ್ನೆರಡು. ನಾಲ್ಕನೇ ವಾರಕ್ಕೆ ನಾಲ್ಕೈದು. ರೆಪ್ಪೆಯ ಭಾರ ಇಳಿಯಲು ಎರಡು ತಿಂಗಳು ಹಿಡಿಯಿತು.

ಒಂದು ಮಾತು. ಕೆಲವು ಗೂಡುಗಳು ಒಣಕಲಾಗಿರುತ್ತವೆ, ಕೆಲವರಿಗೆ ಸುಟ್ಟ ಗಾಯವೋ ಚರ್ಮದ ಕಸಿಯೋ ಆಗಿರುತ್ತದೆ. ಅವರಿಗೆ ವಾರಕ್ಕೊಮ್ಮೆ ತೆಗೆಯಿರಿ ಎಂದು ಹೇಳಬಹುದು. ನಿಮ್ಮ ವೈದ್ಯರು ಹೇಳಿದ ಲೆಕ್ಕವೇ ನಿಮ್ಮದು. ಮತ್ತೆ, ಚಿಪ್ಪಿನ ಹಿಂದೆ ಧೂಳಿನ ಕಣ ಹೊಕ್ಕು ಚುಚ್ಚುತ್ತಿದ್ದರೆ ತಿಂಗಳು ತುಂಬಲಿ ಎಂದು ಕಾಯಬೇಡಿ, ತೆಗೆದು ತೊಳೆದು ಹಾಕಿ. ಆದರೆ ತೆಗೆದದ್ದನ್ನು ಹೊರಗೆ ಹಾಗೇ ಬಿಡಬೇಡಿ. ಯಾವ ಕಾರಣಕ್ಕಾದರೂ ಕೆಲ ಗಂಟೆ ಹೊರಗಿಡಬೇಕಾದರೆ ಮುಚ್ಚಳವಿರುವ ಡಬ್ಬಿಯಲ್ಲಿ, ಚೊಕ್ಕ ನೀರಿನಲ್ಲಿ ಮುಳುಗಿಸಿ ಇಡಿ.

ಒರೆಸುವ ರೀತಿ ಮತ್ತು ತೇವ

ನಾವೆಲ್ಲ ಕಣ್ಣೀರನ್ನು ಕೆನ್ನೆಯ ಕಡೆಗೆ, ಕೆಳಕ್ಕೆ ಒರೆಸುತ್ತೇವೆ. ಕೃತಕ ಕಣ್ಣಿಗೆ ಅದು ಸರಿಯಲ್ಲ. ಕೆಳಕ್ಕೆ ಎಳೆದಾಗ ರೆಪ್ಪೆಯ ಅಂಚು ಸರಿದು ಚಿಪ್ಪು ಜಾರಿ ಹೊರಗೆ ಬರಬಹುದು, ಇಲ್ಲವೇ ಒಳಗೇ ತಿರುಗಿ ಕರಿಭಾಗ ಓರೆಯಾಗಬಹುದು. ವರ್ಷಗಟ್ಟಲೆ ಹೀಗೆ ಎಳೆದರೆ ಕೆಳರೆಪ್ಪೆ ಜೋತುಬೀಳುತ್ತದೆ. ಅದರ ಮೇಲೇ ಚಿಪ್ಪಿನ ಭಾರ ಕೂತಿರುವುದು. ಅದಕ್ಕೆ ಕಣ್ಣು ಮುಚ್ಚಿ, ಒಗೆದ ಮೆತ್ತನೆಯ ಕರವಸ್ತ್ರವನ್ನು ಹೊರಗಿನ ಮೂಲೆಯಿಂದ ಮೂಗಿನ ಕಡೆಗೆ ಮೆಲ್ಲಗೆ ತನ್ನಿ. ಒಂದೇ ಸಲ, ಒಂದೇ ದಿಕ್ಕು. ಹೊಲದಲ್ಲಿ ಬೆವರು ಒರೆಸುವ ಟವಲ್ಲೇ ಬೇರೆ, ಕಣ್ಣಿನ ಕರವಸ್ತ್ರವೇ ಬೇರೆ ಇರಲಿ. ನನ್ನ ಅಂಗಿ ಜೇಬಿನಲ್ಲಿ ಎರಡು ಇರುತ್ತವೆ.

ತೇವದ ವಿಷಯ. ಒಳ್ಳೆಯ ಕಣ್ಣು ಒಣಗಿದರೆ ಉರಿ ಆಗುತ್ತದೆ, ಉರಿಗೆ ನೀರು ಬರುತ್ತದೆ, ನಾವು ಮಿಟುಕಿಸುತ್ತೇವೆ. ಪ್ಲಾಸ್ಟಿಕ್ಕಿಗೆ ಉರಿ ಗೊತ್ತಾಗುವುದಿಲ್ಲ. ಹಾಗಾಗಿ ಆ ಕಡೆ ನೀರು ಕಡಿಮೆ, ಪೂರ್ತಿ ಮಿಟುಕಿಸುವುದೂ ಕಡಿಮೆ. ನಾನೇ ಅಭ್ಯಾಸ ಮಾಡಿಕೊಂಡಿದ್ದೇನೆ, ಬೈಕು ನಿಲ್ಲಿಸಿದಾಗೆಲ್ಲ, ಬಸ್ಸಲ್ಲಿ ನಿಲ್ದಾಣ ಬಂದಾಗೆಲ್ಲ, ನಾಲ್ಕು ಸಲ ರೆಪ್ಪೆಗಳು ಕೂಡುವಂತೆ ಮುಚ್ಚಿ ತೆರೆಯುತ್ತೇನೆ. ಬೇಸಿಗೆಯಲ್ಲಿ ಕೃತಕ ಕಣ್ಣೀರು ನಾಲ್ಕು ಸಲ, ಮಳೆಗಾಲದಲ್ಲಿ ಎರಡು ಸಲ ಸಾಕಾಗುತ್ತದೆ. ಮೆಲುವಾದ ಹನಿ ಬೇಗ ಹರಿದು ಹೋಗುತ್ತದೆ ಅನಿಸಿದರೆ ದಪ್ಪನೆಯ ಜೆಲ್ ಹನಿ ಕೇಳಿ. ಚಿಪ್ಪು ತೆಗೆಯಬೇಕಿಲ್ಲ, ಮೇಲಿಂದಲೇ ಹಾಕಿ.

ರಾತ್ರಿ ನಿಮ್ಮ ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಬಿಳಿ ಗೆರೆ ಕಾಣುತ್ತಿದ್ದರೆ ಆ ಗೆರೆಯಲ್ಲೇ ಬೆಳಗಾಗುವುದರೊಳಗೆ ಪಿಸರು ಒಣಗಿ ಅಂಟುತ್ತದೆ. ಅಂಥವರು ಮಲಗುವಾಗ ಕಣ್ಣಿಗೆ ಹಾಕುವ ಜಿಡ್ಡಿನ ಮುಲಾಮು ಹಚ್ಚಬೇಕು. ಫ್ಯಾನಿನ ಗಾಳಿ ಮುಖಕ್ಕೆ ನೇರ ಬಡಿಯದಂತೆ ಮಲಗಿ. ಬೆಳಿಗ್ಗೆ ಅಂಟಿದ ರೆಪ್ಪೆಯನ್ನು ಉಗುರಿನಿಂದ ಕೀಳಬೇಡಿ. ಬೆಚ್ಚನೆಯ ಒದ್ದೆ ಹತ್ತಿಯನ್ನು ಎರಡು ನಿಮಿಷ ಮೇಲಿಟ್ಟರೆ ತಾನೇ ಬಿಡುತ್ತದೆ.

ಪಿಸರನ್ನು ನೋಡಿ ತಿಳಿಯುವುದು

ಕೃತಕ ಕಣ್ಣು ಇರುವಲ್ಲಿ ಸ್ವಲ್ಪ ಪಿಸರು ಇದ್ದೇ ಇರುತ್ತದೆ. ಪೂರ್ತಿ ಇಲ್ಲದಂತೆ ಮಾಡಲು ಹೋಗಬೇಡಿ. ತಿಳಿಯಾಗಿ ಅಥವಾ ಬೆಳ್ಳಗೆ, ಬೆಳಿಗ್ಗೆ ಒಂದಿಷ್ಟು, ಧೂಳಿನ ಕೆಲಸ ಮಾಡಿದ ದಿನ ಇನ್ನೊಂದಿಷ್ಟು ಬಂದರೆ ಚಿಂತೆ ಬೇಡ. ನೆಗಡಿಯಾದಾಗಲೂ ಜಾಸ್ತಿಯಾಗುತ್ತದೆ, ನೆಗಡಿ ಹೋದ ಮೇಲೆ ಕಡಿಮೆಯಾಗುತ್ತದೆ.

ನೂಲಿನಂಥ ಎಳೆ, ತುರಿಕೆ, ರೆಪ್ಪೆ ಭಾರ, ಇವು ಜೊತೆಯಾಗಿ ಬಂದರೆ ನನಗಾದದ್ದೇ ಆಗಿರಬಹುದು. ಮೊದಲು ಪಾಲಿಶ್ ಯಾವಾಗ ಆಗಿತ್ತು ಎಂದು ಲೆಕ್ಕ ಹಾಕಿ. ಹಳದಿ ಅಥವಾ ಹಸಿರು ಬಣ್ಣ, ಕೆಟ್ಟ ವಾಸನೆ, ರೆಪ್ಪೆ ಕೆಂಪಾಗಿ ಊದಿದ್ದರೆ ಸೋಂಕು. ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ.

ರಕ್ತ ಬೆರೆತ ಪಿಸರನ್ನು ಮಾತ್ರ ಕಡೆಗಣಿಸಬೇಡಿ. ಚಿಪ್ಪು ತೆಗೆದು ಬೆಳಕಲ್ಲಿ ಗೂಡನ್ನು ನೋಡಿಕೊಳ್ಳಿ. ಗುಲಾಬಿ ಚರ್ಮದ ನಡುವೆ ಕೆಂಪು ಮಾಂಸದ ಮೊಗ್ಗು ಎದ್ದಿದ್ದರೆ, ಅಥವಾ ಚರ್ಮ ಬಿಟ್ಟುಕೊಂಡು ಒಳಗಿನ ಗುಂಡು ಬಿಳಿ ಚುಕ್ಕೆಯಂತೆ ಕಂಡರೆ, ಕೂಡಲೇ ಹೋಗಬೇಕು. ಚಿಕ್ಕದಿದ್ದಾಗ ಹೊಲಿಗೆಯಲ್ಲಿ ಮುಗಿಯುವುದು, ಬಿಟ್ಟರೆ ಗುಂಡನ್ನೇ ತೆಗೆಯಬೇಕಾಗಬಹುದು. ನಾನು ತಿಂಗಳಿಗೊಮ್ಮೆ ತೊಳೆಯುವ ದಿನವೇ ಗೂಡನ್ನೂ ಫೋನಿನಲ್ಲಿ ಫೋಟೋ ಹೊಡೆದಿಡುತ್ತೇನೆ. ಹಿಂದಿನ ತಿಂಗಳ ಫೋಟೋ ಪಕ್ಕದಲ್ಲಿಟ್ಟರೆ ಬದಲಾವಣೆ ತಟ್ಟನೆ ತಿಳಿಯುತ್ತದೆ.

ವರ್ಷಗಳು ಕಳೆದಂತೆ ಒಳಗಿನ ಕೊಬ್ಬು ಕರಗಿ ಮೇಲಿನ ರೆಪ್ಪೆಯ ಮೇಲೆ ಗುಳಿ ಬೀಳಬಹುದು, ಚಿಪ್ಪು ಸಡಿಲಾಗಬಹುದು. ಆಗ ಅಚ್ಚನ್ನು ಮತ್ತೆ ತೆಗೆಸಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೊಸದು ಬೇಕಾಗುತ್ತದೆ. ಬೆಳೆಯುವ ಮಕ್ಕಳಿಗೆ ಅದಕ್ಕಿಂತ ಎಷ್ಟೋ ಬೇಗ.

ಉಳಿದ ಕಣ್ಣು

ನೋಟದ ಗಾಜು ಬೇಕಿರಲಿ ಬಿಡಲಿ, ಕನ್ನಡಕ ಹಾಕಿ. ಗಾಜಿನದಲ್ಲ, ಒಡೆಯದ ಪಾಲಿಕಾರ್ಬೊನೇಟಿನದು. ಕೃತಕ ಕಣ್ಣಿಗೆ ಧೂಳು ತಡೆಯುತ್ತದೆ, ಅದು ಎರಡನೇ ಲಾಭ. ಮೊದಲ ಲಾಭ ಉಳಿದ ಒಂದೇ ಕಣ್ಣಿಗೆ. ಜೋಳದ ರವದಿ ನನ್ನ ಬಲಗಣ್ಣಿಗೂ ಬಡಿಯಬಹುದು, ಅಲ್ವಾ? ರಾಶಿಯ ದಿನಗಳಲ್ಲಿ ಸುಂಕ ಹಾರುವಾಗ ಪಕ್ಕವೂ ಮುಚ್ಚಿರುವ ಕನ್ನಡಕ ಹಾಕದೆ ನಾನು ಕಣದ ಹತ್ತಿರ ಹೋಗುವುದಿಲ್ಲ.

ಪೆಟ್ಟು ಬಿದ್ದೋ ಆಪರೇಷನ್ ಆಗಿಯೋ ಒಂದು ಕಣ್ಣು ಕೆಟ್ಟವರಲ್ಲಿ, ಬಹಳ ಅಪರೂಪಕ್ಕೆ, ದೇಹವೇ ಒಳ್ಳೆಯ ಕಣ್ಣಿನ ಮೇಲೆ ತಿರುಗಿಬೀಳುತ್ತದೆ. ಒಳ್ಳೆಯ ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ಮಂಜಾಗುವುದು ಅದರ ಗುರುತು. ತಿಂಗಳಾದ ಮೇಲೂ ಆಗಬಹುದು, ವರ್ಷಗಳಾದ ಮೇಲೂ ಆಗಬಹುದು. ಅಂಥ ದಿನ ಹನಿ ತಂದು ಹಾಕಿ ಕಾಯಬೇಡಿ, ಅವತ್ತೇ ಕಣ್ಣಾಸ್ಪತ್ರೆಗೆ ಹೋಗಿ.

ಒಂದೇ ಕಣ್ಣಿಗೆ ಹತ್ತಿರದ ದೂರ ಸರಿಯಾಗಿ ತಿಳಿಯುವುದಿಲ್ಲ. ಚಹಾ ಸುರಿಯುವಾಗ ಕೆಟಲಿನ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ ಸುರಿಯಿರಿ. ಮೆಟ್ಟಿಲು ಇಳಿಯುವಾಗ ಮೊದಲ ಮೆಟ್ಟಿಲನ್ನು ಕಾಲಿನಿಂದ ಮುಟ್ಟಿ ನೋಡಿ. ರಸ್ತೆ ದಾಟುವಾಗ ಕಣ್ಣಷ್ಟೇ ಅಲ್ಲ, ಕುತ್ತಿಗೆಯನ್ನೇ ಕೃತಕ ಕಣ್ಣಿನ ಕಡೆಗೆ ಪೂರ್ತಿ ತಿರುಗಿಸಿ. ಜೊತೆಗಿರುವವರನ್ನು ಕಾಣುವ ಕಡೆಗೆ ನಡೆಸಿಕೊಳ್ಳಿ, ಆಗ ಮಾತೂ ಸಲೀಸು.

ಪಾಲಿಶ್ ವರ್ಷಕ್ಕೊಮ್ಮೆಯಾದರೂ ಆಗಬೇಕು. ದಿನ ಗೊತ್ತುಮಾಡದಿದ್ದರೆ ಅದು ಮುಂದೆ ಹೋಗುತ್ತಲೇ ಇರುತ್ತದೆ. ನಾನು ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಎಂದು ಇಟ್ಟುಕೊಂಡಿದ್ದೇನೆ. ಅದಾದ ಮೇಲೆ ರಾಶಿ, ರಾಶಿಯ ಹಿಂದೆಯೇ ಬಿಸಿಲು ಬರುತ್ತದೆ. ಆ ಮೂರು ತಿಂಗಳಿಗೆ ಚಿಪ್ಪು ಹೊಸದರಂತೆ ನುಣುಪಾಗಿರಬೇಕು.